ಕಿವಿಯಲ್ಲಿ ಹೇಳಲು ಏನೂ ಇರದ ಅಭಿನಂದನೆ

ಸೋಮವಾರ, ಬೆಳಿಗ್ಗೆ ಆರು ಐವತ್ತು. ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಮೊದಲ ಪಾಳಿಯ ಮಾದರಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ಮೊಬೈಲ್ ಒಂದೇ ಸಮ ನಡುಗತೊಡಗಿತು. ನಮ್ಮ ಹಳೆಯ ಶಿಫ್ಟ್ ಇನ್‌ಚಾರ್ಜ್ ಸಾಹೇಬರು ವಾಡಿ ಕಡೆಯ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರಾಗಿದ್ದಾರೆ ಎಂಬ ಸುದ್ದಿಯನ್ನು ಯಾರೋ ಲ್ಯಾಬಿನ ಗ್ರೂಪಿಗೆ ಹಾಕಿದ್ದರು. ಅವರು ನಮ್ಮಲ್ಲಿಂದ ಅಲ್ಲಿಗೆ ಹೋಗಿ ಮೂರು ವರ್ಷವಾಗಿದ್ದರೂ ಗ್ರೂಪಿನಲ್ಲಿ ಇನ್ನೂ ಇದ್ದರು.

ಒಂದು ಗಂಟೆಯಲ್ಲಿ ಬಂದ ಸಂದೇಶಗಳನ್ನು ಎಣಿಸಿದೆ: ನಲವತ್ತೊಂದು. ಅದರಲ್ಲಿ ಮೂವತ್ನಾಲ್ಕು ಬರೀ ಕೈಮುಗಿದ ಚಿತ್ರ, ಹೂವಿನ ಚಿತ್ರ, ಕೇಕಿನ ಚಿತ್ರ. ನಾಲ್ಕು ಜನ ಒಂದೇ ಇಂಗ್ಲಿಷ್ ವಾಕ್ಯವನ್ನು ಒಬ್ಬರದು ಇನ್ನೊಬ್ಬರು ನಕಲು ಮಾಡಿ ಹಾಕಿದ್ದರು. ಉಳಿದ ಮೂವರು ಅಭಿನಂದನೆಯ ಬಾಲಕ್ಕೆ ಬಯೋಡಾಟಾ ಕಟ್ಟಿ ಕಳಿಸಿದ್ದರು. ಆ ಮೂವರಲ್ಲಿ ಒಬ್ಬಳು ನನ್ನ ಪಕ್ಕದ ಮೇಜಿನವಳು, ಕುಂಚಾವರಂ ಕಡೆಯ ನನ್ನ ಗೆಳತಿ. ಅವಳ ಮನೆಮಾತು ಅರ್ಧ ತೆಲುಗು. ಕೆಣಕಬೇಕೆಂದಾಗ ಮಾತು ‘ಏಮ್ಮಾ’ದಿಂದಲೇ ಶುರುವಾಗುತ್ತದೆ.

"ಏಮ್ಮಾ, ನೀ ಇನ್ನಾ ಹಾಕಿಲ್ಲಾ? ಎಲ್ಲಾರೂ ಹಾಕ್ಲಿಕತ್ತಾರ. ತಡಾ ಆದ್ರ ನಿನ್ನದು ತಳಕ್ಕ ಹೋಗ್ತದ ನೋಡು."

"ಏನಂತ ಹಾಕ್ಲಿ?"

"ಕೇಕ್ ಹಾಕು, ಬಯೋಡಾಟಾ ಹಾಕು. ಎರಡೂ ಹಾಕಿದ್ರ ಊಟಾ ಮುಗದಂಗ."

ಅವಳು ತಮಾಷೆ ಮಾಡಿದರೂ ಇಬ್ಬರಿಗೂ ವಿಷಯ ತಮಾಷೆಯದಲ್ಲ ಎಂದು ಗೊತ್ತಿತ್ತು. ಲ್ಯಾಬಿನಲ್ಲಿ ಗುತ್ತಿಗೆಯ ಮೇಲೆ ಇರುವವರು ಆರು ಜನ. ಗುತ್ತಿಗೆ ಮುಗಿಯಲು ಎಂಟು ವಾರ ಉಳಿದಿತ್ತು. ಮುಂದಿನ ಸಲ ಐದೇ ಜನರಿಗೆ ಅವಕಾಶ ಎಂದು ಸೂಪರ್‌ವೈಸರ್ ಬಾಯಿಬಿಟ್ಟು ಹೇಳಿದ್ದರು. ಆರರಲ್ಲಿ ಎಲ್ಲರಿಗಿಂತ ಕೊನೆಗೆ ಸೇರಿದವಳು ನಾನು. ಬಿಡುವುದಾದರೆ ಯಾರನ್ನು ಬಿಡುತ್ತಾರೆ ಎಂಬುದಕ್ಕೆ ಲೆಕ್ಕ ಬೇಕಿರಲಿಲ್ಲ. ಇಂಥ ಹೊತ್ತಿನಲ್ಲಿ ನನಗೆ ಕೆಲಸ ಕಲಿಸಿದವರೇ ಇನ್ನೊಂದು ಲ್ಯಾಬಿನ ಮುಖ್ಯಸ್ಥರಾಗಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಡೈರಿ ತೆಗೆದೆ. ಅದರ ಹಿಂಭಾಗದಲ್ಲಿ ನನಗೊಂದು ಪಟ್ಟಿ ಉಂಟು. ಪರಿಚಯದ ಪ್ರತಿಯೊಬ್ಬರಿಗೂ ಒಂದು ಪುಟ. ಯಾವಾಗ ಮಾತಾಡಿದೆ, ಫೋನ್ ಮಾಡಿದ್ದು ಯಾರು, ಯಾತಕ್ಕೆ. ಕಾಲೇಜಿನಲ್ಲಿ ಶುರುವಾದ ಚಟ. ಸಾಹೇಬರ ಪುಟದಲ್ಲಿ ಮೂರು ವರ್ಷದಲ್ಲಿ ನಾನು ಮಾಡಿದ ಫೋನುಗಳು ಒಂಬತ್ತು. ‘ಯಾತಕ್ಕೆ’ ಎಂಬ ಸಾಲನ್ನು ಮೇಲಿಂದ ಕೆಳಗೆ ಓದಿದೆ. ಅನುಭವ ಪತ್ರ ಬೇಕಿತ್ತು. ಪರೀಕ್ಷೆಗೆ ಯಾವ ಪುಸ್ತಕ ಓದಲಿ. ಸುಣ್ಣದ ಅಂಶ ಹೆಚ್ಚು ತೋರಿಸುತ್ತಿದೆ, ಏನು ಮಾಡಲಿ. ಇನ್ನೊಮ್ಮೆ ಅನುಭವ ಪತ್ರ. ಮೊದಲನೆಯದರಲ್ಲಿ ನನ್ನ ಹೆಸರಿನ ಅಕ್ಷರ ತಪ್ಪಿತ್ತು. ಹೀಗೇ ಒಂಬತ್ತೂ. ಒಂಬತ್ತರಲ್ಲಿ ಒಂಬತ್ತೂ ಬೇಡಿಕೆ.

ಅವರು ನನಗೆ ಮಾಡಿದ್ದು ಎರಡು. ಪರೀಕ್ಷೆ ಪಾಸಾದಾಗ ಒಂದು. ಮಳೆಗೆ ಕಾಗಿಣಾ ನದಿ ತುಂಬಿ ಹರಿದಾಗ, "ಮನ್ಯಾಗ ಎಲ್ಲಾ ಆರಾಮ ಇದ್ದೀರಿಲ್ಲ?" ಎಂದು ಕೇಳಲು ಇನ್ನೊಂದು.

ಆ ಪುಟ ನೋಡಿ ನನಗೆ ನಾಚಿಕೆಯಾಯಿತು. ಹತ್ತನೆಯದು ಹಾಗಾಗಬಾರದು ಎಂದು ಪೆನ್ಸಿಲ್ಲಿನಲ್ಲಿ ‘10’ ಎಂದು ಬರೆದು ‘ಯಾತಕ್ಕೆ’ ಎಂಬಲ್ಲಿ ಒಂದು ಗೆರೆ ಎಳೆದೆ. ಆ ಜಾಗ ಖಾಲಿ ಇರಬೇಕು.

ಗ್ರೂಪಿನಲ್ಲಿ ಹಾಕದೆ ಅವರೊಬ್ಬರಿಗೇ ಬರೆಯುವುದೆಂದುಕೊಂಡೆ. ಬರೆಯಲು ಕೂತರೆ ಬೇಡಿಕೆ ಎಲ್ಲಿಂದಲೋ ನುಸುಳಿಬಿಡುತ್ತಿತ್ತು. ಮೊದಲ ಸಲ ಬರೆದದ್ದರಲ್ಲಿ ‘ನಿಮ್ಮ ಆಶೀರ್ವಾದ ನಮ್ಮ ಮೇಲೂ ಇರಲಿ’ ಎಂದಿತ್ತು, ಅದು ಬೇಡಿಕೆಯೇ. ಎರಡನೆಯದರಲ್ಲಿ ‘ನಿಮ್ಮ ಕೈಕೆಳಗೆ ಇನ್ನೊಮ್ಮೆ ಕೆಲಸ ಮಾಡುವ ಭಾಗ್ಯ’, ಅದಂತೂ ಅರ್ಜಿ. ಮೂರನೆಯದು ಹೊಗಳಿಕೆ, ಯಾರಿಗೆ ಬೇಕಾದರೂ ಕಳಿಸಬಹುದಾಗಿತ್ತು. ನಾಲ್ಕನೆಯದನ್ನು ಉಳಿಸಿಕೊಂಡೆ:

‘ಸರ್, ನಿಮಗೆ ಬಡ್ತಿ ಸಿಕ್ಕ ಸುದ್ದಿ ಕೇಳಿ ತುಂಬಾ ಸಂತೋಷವಾಯಿತು. ನಾನು ಸೇರಿದ ಮೊದಲ ವಾರ ಮೂರು ಕ್ಯೂಬ್ ಹಾಳು ಮಾಡಿದ್ದೆ. ನೀವು ಬೈಯಲಿಲ್ಲ. ಇನ್ನೊಮ್ಮೆ ಹಾಕಿಸಿ, ಮುಗಿಯುವವರೆಗೂ ನನ್ನ ಪಕ್ಕದಲ್ಲೇ ನಿಂತಿದ್ದಿರಿ. ಅಂದು ನಿಮ್ಮ ಪಾಳಿ ಮುಗಿದು ಒಂದು ಗಂಟೆ ಆಗಿತ್ತು ಎಂದು ನನ್ನ ಡೈರಿಯಲ್ಲಿದೆ. ಆ ಲ್ಯಾಬಿಗೆ ಹೊಸದಾಗಿ ಬರುವವರು ಅದೃಷ್ಟವಂತರು. ಅಭಿನಂದನೆಗಳು.’

ಸಿಮೆಂಟು, ಮರಳು, ನೀರು ಕಲಸಿ ಕಬ್ಬಿಣದ ಅಚ್ಚಿಗೆ ತುಂಬಿ ಮಾಡುವ ಅಂಗೈಯಗಲದ ಗಟ್ಟಿಗೆ ನಾವು ಕ್ಯೂಬ್ ಅನ್ನುತ್ತೇವೆ. ಮರುದಿನ ಅಚ್ಚಿನಿಂದ ಬಿಡಿಸಿ ನೀರಿನಲ್ಲಿಟ್ಟು, ಮೂರು ದಿನಕ್ಕೆ ಕೆಲವು, ಏಳು ದಿನಕ್ಕೆ ಕೆಲವು, ಇಪ್ಪತ್ತೆಂಟು ದಿನಕ್ಕೆ ಉಳಿದವನ್ನು ಯಂತ್ರದಲ್ಲಿಟ್ಟು ಒಡೆಯುತ್ತೇವೆ. ಎಷ್ಟು ಭಾರಕ್ಕೆ ಒಡೆಯಿತು ಎಂಬುದೇ ಸಿಮೆಂಟಿನ ಬಲ. ಲ್ಯಾಬಿನವರಿಗೆ ಇದನ್ನೆಲ್ಲ ವಿವರಿಸಬೇಕಿಲ್ಲ. ಕ್ಯೂಬ್ ಎಂದರೆ ಸಾಹೇಬರಿಗೆ ಆ ಸಂಜೆ ಕಣ್ಣಿಗೆ ಕಟ್ಟುತ್ತದೆ ಎಂದು ನನಗೆ ಗೊತ್ತಿತ್ತು.

ಮೂರು ಗಂಟೆ ಹತ್ತು ನಿಮಿಷಕ್ಕೆ ಕಳಿಸಿದೆ. ಮಂಗಳವಾರ ಉತ್ತರವಿಲ್ಲ. ಬುಧವಾರವೂ ಇಲ್ಲ.

"ಬಯೋಡಾಟಾ ಹಾಕಿದ್ರ ಉತ್ತರಾ ಬರ್ತಿತ್ತು," ಎಂದಳು ಗೆಳತಿ.

"ನಿನಗ ಬಂದದೇನು?"

"ಕೇಕ್ ಸಣ್ಣದಿತ್ತು ಕಾಣ್ತದ." ಅವಳು ನಕ್ಕಳು. ನಾನೂ ನಕ್ಕೆ.

ಗುರುವಾರ ಸಂಜೆ ಐದು ಇಪ್ಪತ್ತಕ್ಕೆ ಸಾಹೇಬರ ಫೋನ್ ಬಂತು.

"ಏನಮ್ಮಾ, ಪಾಳಿ ಮುಗದು ಒಂದು ತಾಸು ಆಗಿತ್ತಂತ ಅದನ್ನೂ ಬರದಿಟ್ಟೀದಿ? ನಮ್ಮ ಮನಿಯಾಕಿಗೆ ಓದಿ ತೋರಿಸ್ದೆ. ‘ಅವತ್ತ್ಯಾಕ ತಡಾ ಆತಂತ ಇವತ್ತ ಗೊತ್ತಾತು’ ಅಂದ್ಳು!"

ಫೋನಿನ ಆಚೆ ಅವರ ಹೆಂಡತಿ ನಗುವುದು ಕೇಳಿಸಿತು.

"ಐತವಾರ ಚಿತ್ತಾಪುರದ ಮನಿಗೆ ಬಾ. ಮಂದಿ ಬರೋರಿದ್ದಾರ. ನೀನೂ ಬಾ, ಊಟಾ ಮಾಡ್ಕೊಂಡು ಹೋಗು."

ಅವ್ವನಿಗೆ ಹೇಳಿದೆ. ಅವ್ವ ಅಂಗನವಾಡಿ ಕೆಲಸದವಳು. ಯಾರಿಗೆ ಯಾವ ಕಾಗದ ಯಾವಾಗ ಮುಟ್ಟಿಸಬೇಕು ಎಂಬುದರಲ್ಲಿ ಅವಳಿಗೆ ನನಗಿಂತ ಇಪ್ಪತ್ತು ವರ್ಷದ ಅನುಭವ ಹೆಚ್ಚು.

"ಹೋಗ್ತೀದಿ, ಛಲೋ ಆತು. ಬಯೋಡಾಟಾ ಒಯ್ತೀ ಇಲ್ಲ?"

"ಇಲ್ಲವ್ವಾ. ಈ ಸಲ ಬರೀ ಖುಷಿ ಹೇಳ್ಲಿಕ್ಕ ಹೋಗ್ತೀನಿ."

"ಬರೀ ಖುಷಿ ಹೇಳ್ಲಿಕ್ಕ ಯಾರರೆ ರೈಲು ಹತ್ತಿ ಹೋಗ್ತಾರೇನ?"

"ನಾ ಹೋಗ್ತೀನಿ."

"ಇಷ್ಟು ಕಲ್ಸಿ ಏನು ಉಪಯೋಗಾತು," ಎಂದು ಅವ್ವ ಒಳಗೆ ಹೋದಳು. ಶನಿವಾರ ಕೂತು ಶೇಂಗಾ ಹೋಳಿಗೆ ಮಾಡಿದಳು, ಇಪ್ಪತ್ತೈದು. ಸ್ಟೀಲಿನ ದೊಡ್ಡ ಡಬ್ಬಿಗೆ ತಾನೇ ತುಂಬಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ನಾನು ಮುಟ್ಟಲು ಹೋದರೆ ಬಿಡಲಿಲ್ಲ. ಕಟ್ಟಿದ ಗಂಟು ಸಡಿಲಾಗುತ್ತದೆ ಎಂದಳು. ನಂಬಿದೆ.

ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ ಚಿತ್ತಾಪುರದಲ್ಲಿ ಇಳಿದೆ. ಸಾಹೇಬರ ಮನೆ ನೆಲಕ್ಕೆ ಶಹಾಬಾದಿನ ಫರ್ಸಿಕಲ್ಲು. ಬಾಗಿಲ ಹೊರಗೆ ಅದರ ಮೇಲೆ ಇಪ್ಪತ್ತಾರು ಚಪ್ಪಲಿ ಇದ್ದವು, ಅಂದರೆ ಒಳಗೆ ಹದಿಮೂರು ಜನ. ಸಾಹೇಬರ ಹೆಂಡತಿ ಬಾಗಿಲಲ್ಲೇ ಸಿಕ್ಕರು. ಅವರನ್ನು ನಾನು ಮೊದಲ ಸಲ ನೋಡಿದ್ದು.

"ನೀನೇ ಏನು ಡೈರಿ ಹುಡುಗಿ? ಬಾ ಬೇಟಿ, ಕುಂದ್ರು. ಇದೇನು, ಇಷ್ಟು ವಜ್ಜಿ?"

"ಅವ್ವ ಹೋಳಿಗಿ ಮಾಡ್ಯಾಳ್ರಿ ಆಂಟಿ."

ಭಾರದ ಡಬ್ಬಿ ತೆಗೆದುಕೊಂಡು ಅವರು ಅಡುಗೆಮನೆಗೆ ಹೋದರು. ನಾನು ಪಡಸಾಲೆಯ ಮೂಲೆಯ ಕುರ್ಚಿಯಲ್ಲಿ ಕೂತೆ.

ನಮ್ಮ ಕಡೆ ಒಬ್ಬರಿಗೆ ಬಡ್ತಿಯಾದರೆ ಮನೆಗೆ ಹೋಗಿ ಶಾಲು ಹೊದಿಸಿ, ಹಾರ ಹಾಕಿ, ಪೇಢೆ ತಿನ್ನಿಸಿ, ಫೋಟೋ ತೆಗೆಸಿಕೊಳ್ಳುವುದು ರೂಢಿ. ಇದೆಲ್ಲ ನನಗೆ ಗೊತ್ತಿತ್ತು. ಕೂತು ನೋಡಿದಾಗ ತಿಳಿದದ್ದು ಅದಕ್ಕೆ ಇನ್ನೊಂದು ಹಂತ ಇದೆ ಎಂಬುದು. ಫೋಟೋ ಆದಮೇಲೆ ಹಾರ ಹಾಕಿದವರು ಸಾಹೇಬರ ಕಿವಿಗೆ ಬಾಗುತ್ತಿದ್ದರು. ಅರ್ಧ ನಿಮಿಷ ಏನೋ ಹೇಳುತ್ತಿದ್ದರು. ಸಾಹೇಬರು ತಲೆಯಾಡಿಸಿ, "ನೋಡೋಣ, ನೋಡೋಣ," ಎನ್ನುತ್ತಿದ್ದರು. ನನ್ನ ಮುಂದೆ ಹನ್ನೊಂದು ಜನ ಶಾಲು ಹೊದಿಸಿದರು. ಒಂಬತ್ತು ಜನ ಕಿವಿಗೆ ಬಾಗಿದರು. ಬಾಗದ ಇಬ್ಬರಲ್ಲಿ ಒಬ್ಬರಿಗೆ ಸೊಂಟನೋವು. ಅವರು ಚೀಟಿ ಕೊಟ್ಟರು.

ನನ್ನ ಸರದಿ ಬಂತು. ನನ್ನ ಕೈಯಲ್ಲಿ ಶಾಲೂ ಇರಲಿಲ್ಲ, ಹಾರವೂ ಇರಲಿಲ್ಲ. ಹತ್ತಿರ ಹೋಗಿ ನಿಂತೆ. ಸಾಹೇಬರು ಬೆಳಗಿನಿಂದ ರೂಢಿಯಾದಂತೆ, ನನ್ನ ಮುಖ ನೋಡುವ ಮೊದಲೇ ತಲೆ ಓರೆ ಮಾಡಿ ಕಿವಿ ಕೊಟ್ಟರು.

ಆ ಕಿವಿ ನೋಡಿ ನನಗೆ ನಗು ಬಂತು, ಅಯ್ಯೋ ಅನ್ನಿಸಿತು, ಎರಡೂ ಒಟ್ಟಿಗೆ.

"ಕಿವ್ಯಾಗ ಹೇಳೋದು ಏನೂ ಇಲ್ರಿ ಸರ್," ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಬಂತು. "ಅಭಿನಂದನಾ ಹೇಳ್ಲಿಕ್ಕ ಬಂದೀನ್ರಿ. ನಂಗ ಭಾಳ ಖುಷಿ ಆಗ್ಯಾದ."

ಅವರು ತಲೆ ನೆಟ್ಟಗೆ ಮಾಡಿ ನೋಡಿದರು. ಆಮೇಲೆ ಕೊರಳಲ್ಲಿದ್ದ ಹಾರಗಳೆಲ್ಲ ಅಲುಗುವಂತೆ ನಕ್ಕರು.

"ಕೇಳಿದಿರೇನ್ರಿ? ಇಕಿಗೆ ಏನೂ ಬ್ಯಾಡಂತ! ಬೆಳಗಿನಿಂದ ಮೊದಲ ಸಲ ಎರಡೂ ಕಿವಿ ಖಾಲಿ ಅವ ನೋಡ್ರಿ!"

ಎಲ್ಲರೂ ನನ್ನ ಕಡೆ ತಿರುಗಿದರು. ಹೆಮ್ಮೆಯಿಂದ ನಿಂತಿದ್ದೆ. ಅಷ್ಟರಲ್ಲಿ ಸಾಹೇಬರ ಹೆಂಡತಿ ಅಡುಗೆಮನೆಯಿಂದ ಬಂದರು. ಒಂದು ಕೈಯಲ್ಲಿ ಹೋಳಿಗೆಯ ತಟ್ಟೆ. ಇನ್ನೊಂದು ಕೈಯಲ್ಲಿ ಬೆಳಕಿಗೆ ಮಿಂಚುವ ಒಂದು ಹಾಳೆ.

"ಬೇಟಿ, ಡಬ್ಬಿ ತಳದಾಗ ನೀನೇ ನಗ್ಲಿಕತ್ತೀದಿ!"

ಅದು ನನ್ನ ಬಯೋಡಾಟಾ. ಮೇಲೆ ನನ್ನ ಫೋಟೋ, ಕೆಳಗೆ ನನ್ನ ಅಂಕಗಳು. ಹೋಳಿಗೆಯ ತುಪ್ಪ ಹತ್ತಬಾರದೆಂದು ಅವ್ವ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ಡಬ್ಬಿಯ ತಳಕ್ಕೆ ಸರಿಯಾಗಿ ಕೂರುವಂತೆ ನಾಲ್ಕೂ ಮೂಲೆ ದುಂಡಗೆ ಕತ್ತರಿಸಿದ್ದಳು.

ಪಡಸಾಲೆಯಲ್ಲಿ ಎಂಥ ನಗು ಎದ್ದಿತೆಂದರೆ ಹೊರಗೆ ಚಪ್ಪಲಿ ಬಿಡುತ್ತಿದ್ದವರು ಅಲ್ಲಿಯೇ ನಿಂತರು. ಸೊಂಟನೋವಿನವರು, "ನಾವು ಚೀಟಿ ಕೊಟ್ವಿ, ಇಕಿ ಹೋಳಿಗಿ ಕೆಳಗ ಇಟ್ಟಾಳ. ನಮಗಿಂತ ಹುಷಾರ್ ಅದಾಳ!" ಎಂದರು.

ನನ್ನ ಮುಖ ಬಿಸಿಯಾಯಿತು. ಇನ್ನು ಏನು ಹೇಳಿದರೂ ನಾಟಕದಂತೆ ಕಾಣುತ್ತದೆ ಎಂದು ಗೊತ್ತಿತ್ತು. ಇನ್ನೊಂದು ಯೋಚನೆಯೂ ಬಂತು, ಅದನ್ನು ಬಚ್ಚಿಡುವುದಿಲ್ಲ. ಕಾಗದ ಹೇಗೋ ಅವರ ಮನೆಗೆ ಬಂದಾಗಿದೆ, ಸುಮ್ಮನಿದ್ದರೆ ಅದು ತನ್ನ ಕೆಲಸ ಮಾಡುತ್ತದೆ. ಆಂಟಿ ಕೂಡ, "ಇರ್ಲಿ ಬಿಡು, ಫ್ರಿಜ್ಜಿನ ಮ್ಯಾಲ ಉಳದವ್ರದ್ದೂ ಅವ, ಅಲ್ಲೇ ಇಡ್ತೀನಿ," ಎಂದರು. ಹೂಂ ಅಂದರೆ ಸಾಕಿತ್ತು.

"ಬ್ಯಾಡ್ರಿ ಆಂಟಿ," ಎಂದು ಕೈ ಚಾಚಿದೆ. "ಅದು ಅವ್ವನ ಕೆಲಸಾರಿ. ನಂಗ ಗೊತ್ತಿಲ್ದಂಗ ಇಟ್ಟಾಳ. ನಾ ಹೇಳಿದ್ದು ಖರೇನ ಅದ, ಇವತ್ತ ನಾ ಏನೂ ಕೇಳ್ಲಿಕ್ಕ ಬಂದಿಲ್ಲ. ಅದನ್ನ ನಂಗ ಕೊಟ್ಟುಬಿಡ್ರಿ."

ಅವರು ಸಾಹೇಬರ ಮುಖ ನೋಡಿದರು. ಸಾಹೇಬರು ತಲೆಯಾಡಿಸಿದರು. ಆಂಟಿ ಸೆರಗಿನಿಂದ ಶೇಂಗಾಪುಡಿ ಒರೆಸಿ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮಡಚಲು ನೋಡಿದೆ. ಲ್ಯಾಮಿನೇಷನ್ ಮಡಚಲು ಬರುವುದಿಲ್ಲ. ಕೈಚೀಲದಲ್ಲಿ ಅರ್ಧ ಹೊರಗೆ ಉಳಿಯಿತು.

ಮಂದಿ ಕರಗಿದ ಮೇಲೆ ಊಟಕ್ಕೆ ಕೂತೆವು. ಸಾಹೇಬರು ಹಾರಗಳನ್ನು ತೆಗೆದು ಕಿಟಕಿಗೆ ಹಾಕಿದ್ದರು.

"ನಿಂದು ಗುತ್ತಿಗಿ ಯಾವಾಗ ಮುಗೀತದ?" ಎಂದು ಕೇಳಿದರು.

"ಏಳು ವಾರ ಅದರಿ. ಮುಂದ ಐದೇ ಮಂದಿ ಅಂದಾರ." ಕೇಳಿದ್ದಕ್ಕೆ ಸುಳ್ಳು ಹೇಳುವುದು ಸರಿಯಲ್ಲ. "ಆದ್ರ ಸರ್, ಅದರ ಬಗ್ಗೆ ಇವತ್ತ ಬ್ಯಾಡ. ನಂಗ ಕೇಳೋದಿದ್ರ ಬ್ಯಾರೆ ದಿನ ಫೋನ್ ಮಾಡಿ, ಕೇಳ್ಲಿಕ್ಕ ಅಂತ್ಲೇ ಮಾಡೀನಿ ಅಂತ ಹೇಳಿ ಕೇಳ್ತೀನಿ."

"ಯಾವತ್ತ ಮಾಡ್ತೀ? ತಾರೀಖು ಹೇಳು. ನೀ ತಾರೀಖಿನಾಕಿ."

ನಾನು ಮನಸ್ಸಿನಲ್ಲೇ ಎಣಿಸಿದೆ. "ಇವತ್ತಿಗೆ ಇಪ್ಪತ್ತೆಂಟು ದಿನಕ್ಕ್ರಿ. ಅದೂ ಐತವಾರನೇ."

"ಯಾ ಅಲ್ಲಾ! ನನ್ನ ಇಪ್ಪತ್ತೆಂಟು ದಿನ ನೀರಾಗ ಇಟ್ಟು ಆಮ್ಯಾಲ ಒಡೀತೀ ಏನು?"

ಆಂಟಿಗೆ ಅರ್ಥವಾಗಲಿಲ್ಲ. ಸಾಹೇಬರು ಕ್ಯೂಬಿನ ವಿಷಯ ವಿವರಿಸಿದ ಮೇಲೆ ಅವರು, "ಮೊದಲನೇ ದಿನಾನೇ ಒಡಿಯೋರು ಹತ್ತು ಮಂದಿ ಬಂದಿದ್ರಲ್ಲ," ಎಂದು ನಕ್ಕು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ಆಮೇಲೆ ಸಾಹೇಬರು ತಮ್ಮ ಮಾತು ಆಡಿದರು. ಬೆಳಗಿನಿಂದ ಯಾರೂ ಅವರನ್ನು ಹೇಗಿದ್ದೀರಿ ಎಂದು ಕೇಳಿರಲಿಲ್ಲ. ನಿನ್ನೆಯವರೆಗೆ ಜೊತೆಗೆ ಚಹಾ ಕುಡಿಯುತ್ತಿದ್ದವರು ಈಗ ಅವರು ಬಂದರೆ ಎದ್ದು ನಿಲ್ಲುತ್ತಾರಂತೆ. ಅವರು ಕೂತ ಮೇಜಿಗೆ ಯಾರೂ ಬರುವುದಿಲ್ಲವಂತೆ. ಮುಂದಿನ ತಿಂಗಳು ಎಂಟು ಜನ ಹೊಸ ಟ್ರೇನಿಗಳು ಬರುವವರಿದ್ದರು. "ಕೆಲಸ ಹೆಂಗ ಕಲಿಸ್ಬೇಕಂತ ನಂಗ ಗೊತ್ತದ. ಆದ್ರ ಹೊಸಬ್ರಿಗೆ ಏನು ಗೊತ್ತಿರೋದಿಲ್ಲ ಅನ್ನೋದು ನಂಗ ಮರ್ತೇ ಹೋಗ್ಯಾದ. ಮೂವತ್ತು ವರ್ಷಾತು."

ನನಗೆ ಮರೆತಿರಲಿಲ್ಲ, ಬರೆದಿಟ್ಟಿದ್ದೆ. ಮನೆಗೆ ಬಂದು ಹಳೆಯ ಡೈರಿ ತೆಗೆದು, ಲ್ಯಾಬಿನಲ್ಲಿ ನನ್ನ ಮೊದಲ ತಿಂಗಳಿನ ತಪ್ಪುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ಹತ್ತೊಂಬತ್ತು. ಅಚ್ಚಿಗೆ ಎಣ್ಣೆ ಸವರುವುದನ್ನು ಮರೆತದ್ದು. ಮಾದರಿಯ ಚೀಟಿಯಲ್ಲಿ ಸಮಯ ಬರೆಯದೆ ಬಿಟ್ಟದ್ದು. ಹೆಂಗಸರ ಶೌಚಾಲಯ ಎಲ್ಲಿ ಎಂದು ಕೇಳಲು ನಾಚಿ ಎರಡು ದಿನ ನೀರು ಕುಡಿಯದೆ ಇದ್ದದ್ದು, ಅದು ಹದಿನಾಲ್ಕನೆಯದು. ಮಂಗಳವಾರ ಅವರಿಗೆ ಕಳಿಸಿ, ‘ನಿಮ್ಮ ಟ್ರೇನಿಗಳಿಗೆ ಉಪಯೋಗ ಆಗಬಹುದು’ ಎಂದಷ್ಟೇ ಬರೆದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘14ಕ್ಕೆ ನಾಳೆಯೇ ಬೋರ್ಡು ಹಾಕಿಸುತ್ತೇನೆ.’

ಆ ಭಾನುವಾರ ಮನೆಗೆ ಬರುವಾಗ ಅವ್ವನೊಡನೆ ಜಗಳವಾಡಬೇಕೆಂದುಕೊಂಡಿದ್ದೆ. ಅವಳು ಖಾಲಿ ಡಬ್ಬಿ ತೆಗೆದು ತಳ ನೋಡಿ, ನನ್ನ ಚೀಲದಲ್ಲಿ ಇಣುಕುತ್ತಿದ್ದ ಹಾಳೆ ನೋಡಿ, "ತೊಗೊಳ್ಳಿಲ್ಲೇನು?" ಎಂದಳು.

"ನಾನೇ ವಾಪಸ್ ತೊಗೊಂಡು ಬಂದೆ."

"ಖರೇನ ಹುಚ್ಚಿ ಇದ್ದೀದಿ." ಡಬ್ಬಿಯನ್ನು ತೊಳೆಯಲು ಇಟ್ಟು, "ಹೋಳಿಗಿ ಹೆಂಗ ಆಗಿದ್ವಂತ?" ಎಂದು ಕೇಳಿದಳು. ಇಪ್ಪತ್ತೈದೂ ಮುಗಿದವು ಎಂದ ಮೇಲೆ ಜಗಳ ಅಲ್ಲಿಗೇ ನಿಂತಿತು.

ಇಪ್ಪತ್ತೆಂಟನೆಯ ದಿನ, ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿದೆ.

"ಸರ್, ಕೇಳ್ಲಿಕ್ಕ ಮಾಡೀನ್ರಿ."

"ಹಾಂ, ಒಡಿ."

ಕೆಲಸ ಕೊಡಿ ಎಂದು ಕೇಳಲಿಲ್ಲ. ನಿಮ್ಮ ಕಡೆಯ ಲ್ಯಾಬುಗಳಲ್ಲಿ ನನ್ನಂಥವರಿಗೆ ಜಾಗ ಹೇಗೆ ತೆರೆಯುತ್ತದೆ, ನಾನು ಏನು ಕಲಿತಿರಬೇಕು, ಎರಡೇ ಪ್ರಶ್ನೆ. ಅವರು ಇಪ್ಪತ್ತೆರಡು ನಿಮಿಷ ಮಾತಾಡಿದರು. ಅವರಲ್ಲೇ ಒಂದು ಜಾಗ ಇತ್ತು. ಹಿಂದಿನ ದಿನವಷ್ಟೇ ನೋಟಿಸು ಹೊರಬಿದ್ದಿತ್ತು. ಅರ್ಜಿ ನೇರವಾಗಿ ಸಿಬ್ಬಂದಿ ಕಚೇರಿಗೆ ಕಳಿಸಬೇಕು. ಬರೆಯುವ ಪರೀಕ್ಷೆ ಅರ್ಧ, ಕೈಕೆಲಸದ ಪರೀಕ್ಷೆ ಅರ್ಧ. "ಈಕಿ ಶ್ರದ್ಧಾದಿಂದ ಕೆಲಸ ಮಾಡ್ತಾಳಂತ ಕಚೇರಿಯವ್ರಿಗೆ ಹೇಳ್ತೀನಿ, ಯಾಕಂದ್ರ ಅದು ಖರೇ ಅದ. ಆದ್ರ ನಂಬರ್ ನಾ ಹಾಕೂದಿಲ್ಲ, ಕೈಕೆಲಸಾನೇ ಹಾಕ್ತದ. ಎಕ್ಸ್-ರೇ ಯಂತ್ರಕ್ಕ ಬಿಲ್ಲೆ ಒತ್ತೋದು ಛಲೋ ರೂಢಿ ಮಾಡ್ಕೊ."

"ಈ ನೋಟಿಸಿನ ಮಾತು ಬ್ಯಾರೆದವ್ರಿಗೆ ಹೇಳ್ಬಹುದೇನ್ರಿ?"

"ಬೋರ್ಡಿಗೆ ಹಚ್ಚೀವಿ, ಗುಟ್ಟೇನದ ಅದರಾಗ?"

ಗುಟ್ಟಲ್ಲ. ಆದರೂ ಆ ಭಾನುವಾರ ಪೂರ್ತಿ ನಾನು ಯಾರಿಗೂ ಹೇಳಲಿಲ್ಲ. ಇರುವುದು ಒಂದೇ ಜಾಗ. ಎಕ್ಸ್-ರೇ ಯಂತ್ರಕ್ಕೆ ಹಾಕುವ ಪುಡಿಯನ್ನು ಒತ್ತಿ ಬಿಲ್ಲೆ ಮಾಡುವುದರಲ್ಲಿ ನನ್ನ ಗೆಳತಿಯ ಕೈ ನಮ್ಮೆಲ್ಲರಿಗಿಂತ ಮೇಲು. ಅವಳ ಬಿಲ್ಲೆಗೆ ಬಿರುಕು ಬಿದ್ದದ್ದನ್ನು ನಾನು ನೋಡಿಲ್ಲ. ಸೋಮವಾರ ಬೆಳಿಗ್ಗೆ ಅವಳೇ ನನಗೆ ಬಿಲ್ಲೆ ಒತ್ತಲು ಹೇಳಿಕೊಡುತ್ತಿದ್ದಳು. ಯಾಕೆ ಕಲಿಯುತ್ತಿದ್ದೇನೆ ಎಂದೂ ಕೇಳಲಿಲ್ಲ. ಅವಳ ಬೆರಳು ನೋಡುತ್ತಾ ನಿಂತು ತಾಳಲಾಗಲಿಲ್ಲ. ಹೇಳಿಬಿಟ್ಟೆ.

ಮುಂದಿನ ಶನಿವಾರ ಇಬ್ಬರೂ ಒಂದೇ ರೈಲಿನಲ್ಲಿ ವಾಡಿಗೆ ಹೋದೆವು. ಪರೀಕ್ಷೆಗೆ ಒಟ್ಟು ಹದಿನೇಳು ಜನ. ಬರೆಯುವುದನ್ನು ನಾನು ಚೆನ್ನಾಗಿ ಬರೆದೆ. ಬಿಲ್ಲೆಯ ಅಂಚು ಚೂರು ಉದುರಿತು, ಎರಡನೆಯದು ಸರಿಬಂತು. ಸಾಹೇಬರು ದೂರದಲ್ಲಿ ನಿಂತಿದ್ದರು. ಇಬ್ಬರಿಗೂ ಒಂದೇ ಅಳತೆಯಲ್ಲಿ ತಲೆಯಾಡಿಸಿದರು. ಹೆಂಗಸರ ಶೌಚಾಲಯಕ್ಕೆ ಬೋರ್ಡು ಇತ್ತು, ಬಾಣದ ಗುರುತಿನ ಸಮೇತ.

ಗುರುವಾರ ಮಧ್ಯಾಹ್ನ ಮೊದಲ ಫೋನ್ ನನಗೆ ಬಂತು. ಸಾಹೇಬರೇ.

"ನೀ ಎರಡನೇದಾಕಿ ಬೇಟಾ. ನಿನ್ನ ಜೋಡಿಗಾತಿ ಮೊದಲನೇದಾಕಿ. ಮುಂದಿನ ಜಾಗ ಆದಾಗ ನಿನ್ನ ಹೆಸರು ಮ್ಯಾಲ ಇರ್ತದ. ಅದನ್ನ ನಾನೇ ಹೇಳ್ಬೇಕಂತ ಮಾಡ್ದೆ."

"ಆಗ್ಲಿರಿ ಸರ್. ಆಕಿ ಬಿಲ್ಲೆ ಛಲೋ ಒತ್ತತಾಳ್ರಿ."

"ಛಲೋ ಅಂದ್ರ? ಆ ಬಿಲ್ಲೆ ನಾ ಮೇಜಿನ ಮ್ಯಾಲ ಇಟ್ಕೊಂಡೀನಿ."

ಫೋನ್ ಇಟ್ಟು ಒಂದೆರಡು ನಿಮಿಷ ನೀರಿನ ತೊಟ್ಟಿಯ ಹತ್ತಿರ ನಿಂತೆ. ಬೇಸರವಾಗಲಿಲ್ಲ ಎಂದರೆ ಸುಳ್ಳು. ಗುತ್ತಿಗೆಗೆ ಹತ್ತು ದಿನ ಉಳಿದಿತ್ತು. ಅಷ್ಟರಲ್ಲಿ ಒಳಗೆ ಅವಳ ಮೊಬೈಲ್ ಹೊಡೆದುಕೊಂಡಿತು, ಆಮೇಲೆ ಅವಳು ಕೂಗಿದ್ದು ಕೇಳಿಸಿತು. ಆ ಕೂಗು ಕೇಳಿದ್ದೇ ನಾನೂ ನಗುತ್ತಿದ್ದೆ. ಯಾವಾಗ ಶುರುವಾಯಿತೋ ತಿಳಿಯಲಿಲ್ಲ. ಒಳಗೆ ಹೋದೆ. ಅವಳು ಸಿಮೆಂಟು ಹತ್ತಿದ ಕೈಯಲ್ಲೇ ಮೊಬೈಲ್ ಹಿಡಿದು ನಿಂತಿದ್ದಳು.

"ಅಭಿನಂದನಾ," ಎಂದೆ. "ಹೋದ ವಾರ ನಿನ್ನ ಕೆಲಸಾ ಬಿಟ್ಟು ನಂಗ ಎರಡು ತಾಸು ಬಿಲ್ಲೆ ಒತ್ತೋದು ಕಲಿಸ್ದಿ. ಯಾಕಂತನೂ ಕೇಳ್ಲಿಲ್ಲ. ಆ ಕೈಗೆ ಈ ಕೆಲಸಾ ಸಿಗ್ಲೇಬೇಕಿತ್ತು. ಭಾಳ ಖುಷಿ ಆತು ಲೇ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏಮ್ಮಾ, ಏನು ಬೇಕು? ನನ್ನ ರೂಮು ಬೇಕೇನು? ಸೈಕಲ್ ಬೇಕೇನು?"

"ಏನೂ ಬ್ಯಾಡ."

"ಸುಳ್ಳ. ಯಾರೂ ಇಷ್ಟುದ್ದ ಸುಮ್ಮ ಹೇಳಂಗಿಲ್ಲ."

"ಏನೂ ಬ್ಯಾಡ ಅಂದ್ರ ಬ್ಯಾಡ. ನಿನ್ನಾಣಿ."

ಅವಳ ಕಣ್ಣು ತುಂಬಿತು. ಒಮ್ಮೆಲೇ ಏನೋ ಹೊಳೆದವಳಂತೆ ನನ್ನ ಎರಡೂ ಭುಜ ಹಿಡಿದು ಅಲುಗಿಸಿದಳು. ನನ್ನ ಬಿಳಿ ಕೋಟಿನ ಮೇಲೆ ಹತ್ತು ಬೆರಳು ಮೂಡಿದವು.

"ಲೇ ಹುಚ್ಚಿ! ನಾವು ಆರು ಮಂದಿ. ನಾ ಹೋದ್ರ ಎಷ್ಟು ಉಳೀತು?"

ನಾನು ಕೋಟಿನ ಸಿಮೆಂಟು ಕೊಡವಲು ಹೋದೆ.

"ಐದು! ಐದೇ ಬೇಕಂದಿದ್ದಾರ! ನೀ ಎಲ್ಲಿಗೆ ಹೋಗ್ತೀ? ನೀ ಇಲ್ಲೇ ಇರ್ತೀ!"

ಚಪ್ಪಲಿಯನ್ನೂ ಎಣಿಸುವವಳು ನಾನು. ಆರರಲ್ಲಿ ಒಂದು ಕಳೆಯುವ ಲೆಕ್ಕ ನನಗೆ ತೋಚಿರಲಿಲ್ಲ. ಇಬ್ಬರೂ ಸೂಪರ್‌ವೈಸರ್ ಕೋಣೆಗೆ ಓಡಿದೆವು. ಅವರು ಚಹಾದ ಕಪ್ಪು ಕೆಳಗಿಟ್ಟು, ಅವಳ ಸುದ್ದಿ ಕೇಳಿ, ನನ್ನ ಮುಖ ನೋಡಿ, ಪಟ್ಟಿ ತೆಗೆದರು. ಒಂದು ಹೆಸರಿನ ಮೇಲೆ ಗೆರೆ ಎಳೆದರು, ಅದು ಅವಳದು. ಕೆಳಗಿನ ಐದೂ ಹೆಸರುಗಳಿಗೆ ಒಂದೊಂದೇ ಗುರುತು ಹಾಕುತ್ತಾ ಬಂದರು. ಐದನೆಯದು ನನ್ನದು.

"ಸೋಮವಾರ ಬಂದು ಸಹಿ ಮಾಡು," ಎಂದರು. ಆಮೇಲೆ ಅವಳ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, "ಅಭಿನಂದನೆಗಳಮ್ಮಾ. ಅಂದಂಗ ನಮ್ಮ ಅಳಿಯಾ ಒಬ್ಬಾಂವ ಇದ್ದಾನ, ಡಿಪ್ಲೊಮಾ ಆಗ್ಯಾದ..." ಎಂದು ಶುರುಮಾಡಿದರು.

ಅವಳು ಗಂಭೀರವಾಗಿ ತಲೆ ಓರೆ ಮಾಡಿ, ಅವರಿಗೆ ಕಿವಿ ಕೊಟ್ಟಳು. ನಾನು ಬಾಗಿಲು ದಾಟಿ ಹೊರಗೆ ಬಂದು, ಗೋಡೆ ಹಿಡಿದು ನಕ್ಕೆ.